ರೆಫರಲ್ ಕೊಟ್ಟವರ ಹೆಸರು ಹೇಳುವುದು ಹೇಗೆ? ವಶೀಲಿ ಅನ್ನಿಸದ ಹಾಗೆ, ಹಂತ ಹಂತವಾಗಿ

ನೀವು ಸೇರಬೇಕೆಂದಿರುವ ಕಂಪನಿಯಲ್ಲಿ ಈಗ ಕೆಲಸ ಮಾಡುತ್ತಿರುವ ಒಬ್ಬರು ನಿಮ್ಮನ್ನು ರೆಫರ್ ಮಾಡಲು ಒಪ್ಪಿದ್ದಾರೆ. ಈಗ ಅದನ್ನು ಎಚ್‌ಆರ್‌ಗೆ ತಿಳಿಸಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ಕೆಲವರು ಮೇಲ್‌ನ ಮೊದಲ ಸಾಲಿನಲ್ಲೇ "ನಿಮ್ಮ ಸೀನಿಯರ್ ಮ್ಯಾನೇಜರ್ ಇಂಥವರು ನನಗೆ ತುಂಬಾ ಬೇಕಾದವರು" ಎಂದು ಬರೆದುಬಿಡುತ್ತಾರೆ. ಇನ್ನು ಕೆಲವರು ಸಂಕೋಚದಿಂದ ಹೆಸರನ್ನೇ ಎತ್ತುವುದಿಲ್ಲ. ಸಿಕ್ಕ ರೆಫರಲ್ ಲೆಕ್ಕಕ್ಕೇ ಬರದೆ ಹೋಗುತ್ತದೆ.

ಮೇಲ್ ಓದುವ ಎಚ್‌ಆರ್‌ಗೆ ಬೇಕಾಗಿರುವುದು ಒಂದೇ ವಿಷಯ: ನಮ್ಮ ಈ ಉದ್ಯೋಗಿಗೆ ಈ ಅಭ್ಯರ್ಥಿಯ ಕೆಲಸದ ಬಗ್ಗೆ ಏನು ಗೊತ್ತು? ಹೆಸರಿನ ಜೊತೆ ಅದಕ್ಕೆ ಉತ್ತರವೂ ಇದ್ದರೆ ಅದು ಮಾಹಿತಿ. ಬರೀ ಹೆಸರು, ಹುದ್ದೆ, ಹತ್ತಿರದ ನಂಟು ಇಷ್ಟೇ ಇದ್ದರೆ ಅದು ಒತ್ತಡ ಹಾಕಿದ ಹಾಗೆ ಕಾಣುತ್ತದೆ. ಮುಂದಿನ ಎಲ್ಲ ಹಂತಗಳೂ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ಕೊನೆಯವರೆಗೆ ಒಂದೇ ಉದಾಹರಣೆ ಹಿಡಿದು ಹೋಗೋಣ. ದಾವಣಗೆರೆಯ ಒಬ್ಬ ಹುಡುಗಿ ಬೆಂಗಳೂರಿನ ಒಂದು ಸರ್ವೀಸ್ ಕಂಪನಿಯಲ್ಲಿ 3 ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಾಳೆ ಎಂದುಕೊಳ್ಳಿ. ಅವಳ ಹಳೆಯ ಟೀಮ್ ಲೀಡ್ ಈಗ ಒಂದು ಪ್ರಾಡಕ್ಟ್ ಕಂಪನಿಯಲ್ಲಿದ್ದಾರೆ. ಮಾತಿನ ಅನುಕೂಲಕ್ಕೆ ಲೀಡ್ ಹೆಸರು ಸುಮಾ ಎಂದಿಟ್ಟುಕೊಳ್ಳೋಣ. ಆ ಕಂಪನಿಯಲ್ಲಿ ಟೆಸ್ಟ್ ಇಂಜಿನಿಯರ್ ಕೆಲಸ ಖಾಲಿ ಇದೆ.

## ಶುರು ಮಾಡುವ ಮುಂಚೆ ಕೈಯಲ್ಲಿ ಏನಿರಬೇಕು

ಆ ಕೆಲಸದ ಜಾಬ್ ಐಡಿ ಮತ್ತು ಕಂಪನಿಯ ಕರಿಯರ್ಸ್ ಪುಟದ ಲಿಂಕ್, ಪಿಡಿಎಫ್ ರೂಪದ ರೆಸ್ಯೂಮೆ, ನಿಮ್ಮ ನೋಟಿಸ್ ಪೀರಿಯಡ್ ಎಷ್ಟು ಎಂಬ ಮಾಹಿತಿ. ಇದರ ಜೊತೆ ಇನ್ನೊಂದು ಬೇಕು, ಅದನ್ನೇ ಎಲ್ಲರೂ ಮರೆಯುವುದು: ರೆಫರ್ ಮಾಡುವವರು ಕಣ್ಣಾರೆ ನೋಡಿದ ನಿಮ್ಮ ಒಂದು ಕೆಲಸ. ನಮ್ಮ ಉದಾಹರಣೆಯಲ್ಲಿ, ಪ್ರತಿ ರಿಲೀಸ್‌ಗೂ ಕೈಯಲ್ಲಿ ಮಾಡುತ್ತಿದ್ದ ರಿಗ್ರೆಶನ್ ಟೆಸ್ಟಿಂಗ್‌ಗೆ 2 ದಿನ ಹಿಡಿಯುತ್ತಿತ್ತು. ಹುಡುಗಿ ಅದನ್ನು ಆಟೊಮೇಟ್ ಮಾಡಿ 5 ಗಂಟೆಗೆ ಇಳಿಸಿದಳು. ಆಗ ಸುಮಾ ಅವರೇ ಲೀಡ್ ಆಗಿದ್ದರು.

## ಹಂತ 1: ನಿಮ್ಮಿಬ್ಬರ ಪರಿಚಯ ಯಾವ ಬಗೆಯದು, ಮೊದಲು ಅದನ್ನು ತೀರ್ಮಾನಿಸಿ

ಮುಂದೆ ಬರೆಯುವ ಪ್ರತಿ ಮಾತೂ ಇದರ ಮೇಲೆ ನಿಲ್ಲುತ್ತದೆ. ಪರಿಚಯದಲ್ಲಿ ಮೂರು ಬಗೆ.

ಮೊದಲನೆಯದು, ನಿಮ್ಮ ಜೊತೆ ಕೆಲಸ ಮಾಡಿದವರು: ಹಳೆಯ ಲೀಡ್, ಒಂದೇ ಟೀಮ್‌ನವರು, ಇಂಟರ್ನ್‌ಶಿಪ್‌ನಲ್ಲಿ ಮೇಲೆ ನಿಂತು ಕಲಿಸಿದವರು. ಇವರ ಮಾತಿಗೆ ಎಲ್ಲಕ್ಕಿಂತ ಹೆಚ್ಚು ತೂಕ.

ಎರಡನೆಯದು, ನಿಮ್ಮನ್ನು ಬಲ್ಲವರು, ಆದರೆ ನಿಮ್ಮ ಕೆಲಸವನ್ನು ನೋಡದವರು. ಕಾಲೇಜಿನ ಸೀನಿಯರ್, ಪಿಜಿಯಲ್ಲಿ ಜೊತೆಗಿದ್ದವರು, ಪಕ್ಕದ ಮನೆಯವರು, ಚಿಕ್ಕಪ್ಪನ ಮಗ. ಹೆಚ್ಚಿನವರ ರೆಫರಲ್ ಈ ಬಗೆಯದೇ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದನ್ನು ಮೊದಲನೆಯ ಬಗೆಯ ಹಾಗೆ ತೋರಿಸಲು ಹೋದಾಗಲೇ ಎಡವಟ್ಟಾಗುತ್ತದೆ.

ಮೂರನೆಯದು, ಪರಿಚಯವೇ ಇಲ್ಲದವರು. ಲಿಂಕ್ಡ್‌ಇನ್‌ನಲ್ಲಿ ಮೆಸೇಜ್ ಹಾಕಿದ್ರಿ, ಅವರು ರೆಸ್ಯೂಮೆ ತೆಗೆದುಕೊಂಡು ತಮ್ಮ ಕಂಪನಿಯ ಒಳಗಿನ ರೆಫರಲ್ ಪೋರ್ಟಲ್‌ಗೆ ಹಾಕಿದರು, ಅಷ್ಟೇ. ಇಂಥ ರೆಫರಲ್ ಇದ್ದರೆ ಮೇಲ್‌ನಲ್ಲಿ ಹೆಸರು ಬರೆಯಲೇಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪೋರ್ಟಲ್‌ನಲ್ಲಿ ದಾಖಲಾಗಿದೆ, ಅದು ಸಾಕು. ನೀವು ಹೆಸರು ಬರೆದರೆ ರಿಕ್ರೂಟರ್ ಅವರನ್ನು ಕೇಳುತ್ತಾರೆ. "ನನಗೆ ಅವರು ಗೊತ್ತಿಲ್ಲ, ಮೆಸೇಜ್ ಹಾಕಿದ್ರು, ಫಾರ್ವರ್ಡ್ ಮಾಡ್ದೆ" ಎಂದು ಅವರು ನಿಜವನ್ನೇ ಹೇಳುತ್ತಾರೆ. ಆ ಮೇಲೆ ನಿಮ್ಮ ರೆಸ್ಯೂಮೆಯಲ್ಲಿರುವ ಬೇರೆ ಮಾತುಗಳ ಮೇಲೂ ಅನುಮಾನ ಬರುತ್ತದೆ.

ನೀವು ಯಾವ ಬಗೆಯಲ್ಲಿದ್ದೀರಿ ಎಂದು ಗೊತ್ತಾಗಲು ಹೀಗೆ ಕೇಳಿಕೊಳ್ಳಿ: ರಿಕ್ರೂಟರ್ ಇವತ್ತೇ ಅವರಿಗೆ ಫೋನ್ ಮಾಡಿ "ಈ ಹುಡುಗಿ ಹೇಗೆ ಕೆಲಸ ಮಾಡ್ತಾಳೆ?" ಎಂದರೆ ಅವರು ಏನು ಹೇಳಬಲ್ಲರು? ಒಂದು ಪ್ರಾಜೆಕ್ಟಿನ ಹೆಸರು ಹೇಳಿ ಮಾತಾಡಬಲ್ಲರಾದರೆ ಮೊದಲ ಬಗೆ. "ಒಳ್ಳೆ ಹುಡುಗಿ, ಚೆನ್ನಾಗಿ ಓದಿದ್ದಾಳೆ" ಎಂಬಲ್ಲಿಗೆ ಮಾತು ನಿಂತರೆ ಎರಡನೆಯದು.

## ಹಂತ 2: ಎರಡು ಒಪ್ಪಿಗೆ ಬೇಕು, ಒಂದಲ್ಲ

"ರೆಫರ್ ಮಾಡ್ತೀನಿ" ಎಂದವರು "ನನ್ನ ಹೆಸರು ಬರೆದುಕೋ" ಎಂದು ಹೇಳಿದ ಹಾಗೆ ಆಗುವುದಿಲ್ಲ. ರೆಸ್ಯೂಮೆಯನ್ನು ಪೋರ್ಟಲ್‌ಗೆ ಹಾಕಲು ಒಂದು ಒಪ್ಪಿಗೆ. ನೀವೇ ಬರೆಯುವ ಮೇಲ್‌ನಲ್ಲಿ ಅವರ ಹೆಸರು ಹಾಕಲು ಇನ್ನೊಂದು. ಕೆಲವರಿಗೆ ಆ ಟೀಮ್‌ನ ಮ್ಯಾನೇಜರ್ ಜೊತೆ ಅಷ್ಟಾಗಿ ಆಗಿಬರುವುದಿಲ್ಲ. ಕೆಲವರು ತಾವೇ ಬೇರೆ ಕಡೆ ಹುಡುಕುತ್ತಿರುತ್ತಾರೆ. ಅಂಥವರ ಹೆಸರು ಸುಮ್ನೆ ಎತ್ತಿದರೆ ಅವರಿಗೂ ಇರಿಸುಮುರಿಸು, ನಿಮಗೂ ಲಾಭವಿಲ್ಲ.

ವಾಟ್ಸಾಪ್‌ನಲ್ಲಿ ಕೇಳಿದರೆ ಸಾಕು. ಫೋನಿನಲ್ಲಿ ಕೇಳಿದರೆ ಎದುರಿಗೆ ಇಲ್ಲ ಎನ್ನಲು ಅವರಿಗೆ ಕಷ್ಟವಾಗುತ್ತದೆ. ಮೆಸೇಜ್ ಆದರೆ ಯೋಚಿಸಲು ಸಮಯ ಸಿಗುತ್ತದೆ. ಹೀಗೆ ಬರೆಯಬಹುದು:

"ನಮಸ್ಕಾರ ಮೇಡಂ, ಹೇಗಿದ್ದೀರಾ? ನಿಮ್ಮ ಕಂಪನಿಯಲ್ಲಿ ಟೆಸ್ಟ್ ಇಂಜಿನಿಯರ್ ಕೆಲಸ ಬಿದ್ದಿರೋದು ನೋಡಿದೆ. ಲಿಂಕ್, ಜಾಬ್ ಐಡಿ, ರೆಸ್ಯೂಮೆ ಕಳಿಸ್ತಿದ್ದೀನಿ. ಒಮ್ಮೆ ನೋಡಿ, ನಾನು ಈ ಕೆಲಸಕ್ಕೆ ಸರಿ ಅನ್ನಿಸಿದರೆ ಮಾತ್ರ ರೆಫರ್ ಮಾಡ್ತೀರಾ? ಇನ್ನೂ ನಾನು ಅಪ್ಲೈ ಮಾಡಿಲ್ಲ. ಎಚ್‌ಆರ್‌ಗೆ ಬರೆಯುವಾಗ ನಿಮ್ಮ ಹೆಸರು ಹೇಳಬಹುದಾ? ಬೇಡ ಅಂದರೂ ಪರವಾಗಿಲ್ಲ ಮೇಡಂ."

ಈ ಮೆಸೇಜ್‌ನಲ್ಲಿ ಮೂರು ಮಾತುಗಳು ತುಂಬಾ ಮುಖ್ಯ. "ಸರಿ ಅನ್ನಿಸಿದರೆ ಮಾತ್ರ" ಎಂಬುದು ಅವರಿಗೆ ಇಲ್ಲ ಎನ್ನಲು ದಾರಿ ಬಿಡುತ್ತದೆ. "ಇನ್ನೂ ಅಪ್ಲೈ ಮಾಡಿಲ್ಲ" ಎಂಬುದು ಏಕೆ ಬೇಕು ಎನ್ನುವುದು ಮುಂದಿನ ಹಂತದಲ್ಲಿದೆ. ಹೆಸರಿನ ವಿಷಯವನ್ನು ಬೇರೆಯಾಗಿ ಕೇಳಿದ್ದರಿಂದ ಎರಡು ಒಪ್ಪಿಗೆಯೂ ಬರಹದಲ್ಲಿ ಸಿಗುತ್ತವೆ.

ಎಚ್ಚರಿಕೆಯ ಲಕ್ಷಣ: "ಹಾಂ, ನೋಡೋಣ", "ಕಳಿಸಿರು" ಎಂದಷ್ಟೇ ಬಂದರೆ ಅದು ಒಪ್ಪಿಗೆಯಲ್ಲ. ನಾಲ್ಕೈದು ದಿನ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೂ ಸ್ಪಷ್ಟ ಉತ್ತರ ಬರದಿದ್ದರೆ ರೆಫರಲ್ ಇಲ್ಲ ಎಂದೇ ಲೆಕ್ಕ ಹಾಕಿ, ನೇರವಾಗಿ ಅರ್ಜಿ ಹಾಕಿ. ಯಾರಾದರೂ ರೆಫರ್ ಮಾಡಲು ದುಡ್ಡು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ರೆಫರಲ್ ಬೋನಸ್ ಇದ್ದರೆ ಅದನ್ನು ಉದ್ಯೋಗಿಗೆ ಕೊಡುವುದು ಕಂಪನಿ. ಅಭ್ಯರ್ಥಿ ಕೊಡಬೇಕಾದ ದುಡ್ಡು ಎಂಬುದು ಈ ವ್ಯವಹಾರದಲ್ಲಿ ಎಲ್ಲೂ ಇಲ್ಲ.

## ಹಂತ 3: ಪೋರ್ಟಲ್ ಮೊದಲು, ಅರ್ಜಿ ಆಮೇಲೆ

ಕ್ರಮ ತಪ್ಪಿ ರೆಫರಲ್ ಕಳೆದುಕೊಳ್ಳುವುದು ಇಲ್ಲಿ. ದೊಡ್ಡ ಕಂಪನಿಗಳಲ್ಲಿ ಅಭ್ಯರ್ಥಿಗಳ ಪಟ್ಟಿಯನ್ನು ನೋಡಿಕೊಳ್ಳಲು ಒಂದು ಸಾಫ್ಟ್‌ವೇರ್ ಇರುತ್ತದೆ. ನೀವು ನೌಕ್ರಿ ಮೂಲಕವೋ ಕರಿಯರ್ಸ್ ಪುಟದಿಂದಲೋ ಒಮ್ಮೆ ಅರ್ಜಿ ಹಾಕಿದರೆ ನಿಮ್ಮ ಮೇಲ್ ಐಡಿ ಅಲ್ಲಿ ಸೇರಿಬಿಡುತ್ತದೆ. ಆಮೇಲೆ ಸುಮಾ ರೆಫರ್ ಮಾಡಲು ಹೋದರೆ "ಈ ಅಭ್ಯರ್ಥಿ ಈಗಾಗಲೇ ಇದ್ದಾರೆ" ಎಂದು ಬರಬಹುದು. ಹಲವು ಕಂಪನಿಗಳಲ್ಲಿ ಕೆಲವು ತಿಂಗಳವರೆಗೆ ಆ ಹಳೆಯ ಅರ್ಜಿಯೇ ನಿಲ್ಲುತ್ತದೆ, ರೆಫರಲ್ ಸೇರುವುದಿಲ್ಲ. ಕನ್ಸಲ್ಟೆನ್ಸಿಯೊಂದು ನಿಮ್ಮ ರೆಸ್ಯೂಮೆಯನ್ನು ಮೊದಲೇ ಕಳಿಸಿದ್ದರೂ ಇದೇ ಕಥೆ. ಹಾಗಾಗಿ ಕನ್ಸಲ್ಟೆನ್ಸಿಗೆ ಕೊಟ್ಟಿದ್ದರೆ ಸುಮಾ ಅವರಿಗೆ ಮೊದಲೇ ಹೇಳಿಬಿಡಿ.

ಸರಿಯಾದ ಕ್ರಮ ಹೀಗಿದೆ. ಸುಮಾ ತಮ್ಮ ಕಂಪನಿಯ ಒಳಗಿನ ಪೋರ್ಟಲ್‌ನಲ್ಲಿ ನಿಮ್ಮ ಹೆಸರು, ಮೇಲ್ ಐಡಿ, ರೆಸ್ಯೂಮೆ ಹಾಕುತ್ತಾರೆ. ಸಾಮಾನ್ಯವಾಗಿ ನಿಮಗೊಂದು ಮೇಲ್ ಬರುತ್ತದೆ, ಅದರಲ್ಲಿ ಲಿಂಕ್ ಇರುತ್ತದೆ. ಆ ಲಿಂಕ್‌ನಿಂದಲೇ ಅರ್ಜಿ ತುಂಬಿ. ಸುಮಾ ಕೊಟ್ಟ ಮೇಲ್ ಐಡಿಯನ್ನೇ ಬಳಸಿ. ಅವರು ಒಂದು ಐಡಿ ಹಾಕಿ, ನೀವು ಇನ್ನೊಂದರಿಂದ ಅಪ್ಲೈ ಮಾಡಿದರೆ ಸಾಫ್ಟ್‌ವೇರ್‌ಗೆ ಎರಡೂ ಒಬ್ಬರದೇ ಎಂದು ತಿಳಿಯದೆ ಹೋಗಬಹುದು. ಮೇಲ್ ಬರದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ, ಆಮೇಲೆ ಸುಮಾ ಅವರನ್ನು ಕೇಳಿ.

ಅರ್ಜಿಯಲ್ಲಿ "How did you hear about us?" ಎಂಬ ಪ್ರಶ್ನೆ ಬರುವುದುಂಟು. ಅಲ್ಲಿ "Employee Referral" ಆರಿಸಿ, ಕೇಳಿದರೆ ಸುಮಾ ಅವರ ಪೂರ್ತಿ ಹೆಸರು, ಎಂಪ್ಲಾಯಿ ಐಡಿ ಬರೆಯಿರಿ. ಹೆಸರು ಹೇಳಲೆಂದೇ ಕಂಪನಿ ಮಾಡಿಟ್ಟ ಜಾಗ ಇದು. ಇಲ್ಲಿ ಸಂಕೋಚ ಬೇಡ. ಆದರೆ ಕಾಮೆಂಟ್ ಬಾಕ್ಸ್ ಇದೆಯೆಂದು "ನನಗೆ ಅಕ್ಕನ ಹಾಗೆ" ಎಂದೆಲ್ಲ ಬರೆಯಬೇಡಿ.

ಇನ್ನೊಂದು ಪ್ರಶ್ನೆಯನ್ನು ಗಮನವಿಟ್ಟು ಓದಿ: ಈ ಕಂಪನಿಯಲ್ಲಿ ನಿಮ್ಮ ಸಂಬಂಧಿಕರು ಇದ್ದಾರೆಯೇ? ರೆಫರ್ ಮಾಡಿದವರು ಚಿಕ್ಕಪ್ಪನ ಮಗನೇ ಆಗಿದ್ದರೆ ಹೌದು ಎಂದೇ ಹಾಕಿ. ಆಮೇಲೆ ಗೊತ್ತಾದರೆ ಮುಚ್ಚಿಟ್ಟಿದ್ದೇ ದೊಡ್ಡ ತಪ್ಪಾಗುತ್ತದೆ.

ರೆಸ್ಯೂಮೆಯಲ್ಲಿ ಮಾತ್ರ ರೆಫರ್ ಮಾಡಿದವರ ಹೆಸರು ಎಲ್ಲೂ ಬೇಡ. ಅದು ನಿಮ್ಮ ಕೆಲಸದ ದಾಖಲೆ. ಅದೇ ಪಿಡಿಎಫ್ ನಾಳೆ ಬೇರೆ ಕಂಪನಿಗೂ ಹೋಗುತ್ತದೆ, ಅಲ್ವಾ?

## ಹಂತ 4: ಒಂದೇ ವಾಕ್ಯ ಬರೆಯಿರಿ

ಇಡೀ ಕೆಲಸದ ತಿರುಳು ಇದು. ಇದಕ್ಕೆ ಸಮಯ ಕೊಡಿ.

ಆ ವಾಕ್ಯದಲ್ಲಿ ಮೂರು ಸಂಗತಿ ಇರಬೇಕು: ಯಾರು, ನಿಮ್ಮ ಕೆಲಸ ಅವರಿಗೆ ಹೇಗೆ ಗೊತ್ತು, ಈ ಕೆಲಸಕ್ಕೆ ನೀವು ಹೊಂದುತ್ತೀರಿ ಎಂದು ಅವರಿಗೆ ಏಕೆ ಅನ್ನಿಸಿತು. ಮೇಲ್ ಇಂಗ್ಲಿಷ್‌ನಲ್ಲೇ ಹೋಗುತ್ತದೆ. ಮಾತಿನ ಕ್ರಮ ಗೊತ್ತಾಗಲೆಂದು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಮೊದಲ ಬಗೆಯ ಪರಿಚಯಕ್ಕೆ: "ಹಿಂದಿನ ಪ್ರಾಜೆಕ್ಟಿನಲ್ಲಿ ಒಂದೂವರೆ ವರ್ಷ ನನ್ನ ಲೀಡ್ ಆಗಿದ್ದ, ಈಗ ನಿಮ್ಮಲ್ಲಿ ಕೆಲಸ ಮಾಡುತ್ತಿರುವ ಸುಮಾ ಅವರು, ಅಲ್ಲಿ ನಾನು ಮಾಡಿದ ರಿಗ್ರೆಶನ್ ಆಟೊಮೇಶನ್ ಈ ಕೆಲಸಕ್ಕೆ ಹತ್ತಿರವಿದೆ ಎಂದು ಹೇಳಿ ನನ್ನನ್ನು ರೆಫರ್ ಮಾಡಿದ್ದಾರೆ."

ಓದಿದವರಿಗೆ ಇದರಲ್ಲಿ ಎಷ್ಟು ಸಿಕ್ಕಿತು ನೋಡಿ. ಎಷ್ಟು ಕಾಲದ ಪರಿಚಯ, ಯಾವ ಸಂಬಂಧ, ಯಾವ ಕೆಲಸ, ಎಲ್ಲವೂ ಇದೆ. ಇವನ್ನೆಲ್ಲ ಸುಮಾ ಅವರನ್ನು ಕೇಳಿ ಖಚಿತ ಮಾಡಿಕೊಳ್ಳಬಹುದು. ಹೊಗಳಿಕೆಯ ಒಂದು ಪದವೂ ಇಲ್ಲ.

ಎರಡನೆಯ ಬಗೆಗೆ: "ಕಾಲೇಜಿನಲ್ಲಿ ನನ್ನ ಸೀನಿಯರ್ ಆಗಿದ್ದ, ಈಗ ನಿಮ್ಮಲ್ಲಿ ಕೆಲಸ ಮಾಡುತ್ತಿರುವ ಸುಮಾ ಅವರಿಂದ ಈ ಕೆಲಸದ ವಿಷಯ ತಿಳಿಯಿತು, ಅವರೇ ಪೋರ್ಟಲ್‌ನಲ್ಲಿ ರೆಫರ್ ಮಾಡಿದ್ದಾರೆ." ಇಷ್ಟೇ ಸಾಕು. ಅವರು ನಿಮ್ಮ ಕೆಲಸ ನೋಡಿಲ್ಲ, ಆದ್ದರಿಂದ ಕೆಲಸದ ಬಗ್ಗೆ ಅವರ ಬಾಯಿಂದ ಮಾತಾಡಿಸಬೇಡಿ. ಇಂಥಲ್ಲಿ "ನನ್ನ ಸಾಮರ್ಥ್ಯವನ್ನು ಬಹಳ ಮೆಚ್ಚಿದ್ದಾರೆ" ಎಂದು ಸೇರಿಸಿದರೆ ಹೆಸರು ಮತ್ತೆ ವಶೀಲಿಯಾಗುತ್ತದೆ.

ವಾಕ್ಯ ಕೆಡುವುದು ಹೆಚ್ಚಾಗಿ ಕೆಲವೇ ಕಡೆ. ಹುದ್ದೆಯನ್ನು ದೊಡ್ಡದು ಮಾಡಿ ಹೇಳುವುದು ಒಂದು. "ನಿಮ್ಮ ಕಂಪನಿಯ ಡೈರೆಕ್ಟರ್ ಸುಮಾ ಅವರು" ಎಂದು ಶುರು ಮಾಡಿದರೆ ಮೇಲ್ ಓದುವ ರಿಕ್ರೂಟರ್‌ಗೆ ಮೇಲಿನವರಿಂದ ಹೇಳಿಸಿದ ಹಾಗೆ ಕೇಳುತ್ತದೆ. ಅವರ ಹುದ್ದೆ ರಿಕ್ರೂಟರ್‌ಗೆ ಗೊತ್ತೇ ಇರುತ್ತದೆ, ಇಲ್ಲದಿದ್ದರೆ ಕ್ಷಣದಲ್ಲಿ ನೋಡಿಕೊಳ್ಳುತ್ತಾರೆ. ಅವರು ಈಗ ಏನಾಗಿದ್ದಾರೆ ಎಂಬುದಕ್ಕಿಂತ ನಿಮ್ಮ ಪಾಲಿಗೆ ಆಗ ಏನಾಗಿದ್ದರು ಎಂಬುದನ್ನು ಬರೆಯಿರಿ.

ಸಲಿಗೆ ತೋರಿಸುವುದು ಇನ್ನೊಂದು. ನಮ್ಮಲ್ಲಿ ಆಫೀಸಿನಲ್ಲೂ ಅಕ್ಕ, ಅಣ್ಣ ಎಂದು ಕರೆಯುವ ರೂಢಿ ಇದೆ. ಅದು ಮೇಲ್‌ಗೆ ಬರಬಾರದು. "ಮೇಡಂ", "ಸರ್" ಕೂಡ ಬೇಡ. ನೇರವಾಗಿ ಪೂರ್ತಿ ಹೆಸರು ಬರೆಯಿರಿ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಒಂದೇ ಹೆಸರಿನವರು ತುಂಬಾ ಜನ ಇರುತ್ತಾರೆ. ಅದಕ್ಕೇ ಇನಿಶಿಯಲ್ ಅಥವಾ ಟೀಮ್ ಹೆಸರು ಸೇರಿಸಿದರೆ ಒಳ್ಳೆಯದು.

ಮೂರನೆಯದು, ರೆಫರಲ್ ಅನ್ನು ಭರವಸೆಯ ಹಾಗೆ ಬರೆಯುವುದು. "ಸುಮಾ ಅವರು ನನಗೆ ಈ ಕೆಲಸ ಸಿಗುತ್ತದೆ ಎಂದಿದ್ದಾರೆ" ಎಂಬ ಧಾಟಿಯ ಯಾವ ಮಾತೂ ಬೇಡ. ಆ ತೀರ್ಮಾನ ಮಾಡುವವರು ಅವರಲ್ಲ. ಈ ಸಾಲು ಓದಿದ ರಿಕ್ರೂಟರ್ ಸುಮಾ ಅವರನ್ನೇ ವಿಚಾರಿಸಿದರೆ ನಿಮ್ಮಿಂದ ಅವರಿಗೆ ಮುಜುಗರ.

ವಾಕ್ಯ ಬರೆದಾದ ಮೇಲೆ ಅದನ್ನು ಸುಮಾ ಅವರಿಗೇ ಕಳಿಸಿ. "ಹೀಗೆ ಬರೀತಿದ್ದೀನಿ ಮೇಡಂ, ಸರಿ ಇದೆಯಾ?" ಎಂದು ಕೇಳಿ. ಒಂದೂವರೆ ವರ್ಷ ಅಲ್ಲ, ಒಂದು ವರ್ಷ ಎಂದು ಅವರು ತಿದ್ದಬಹುದು. ಪೋರ್ಟಲ್‌ನಲ್ಲಿ ಅವರಿಗೂ "ಇವರು ನಿಮಗೆ ಹೇಗೆ ಗೊತ್ತು?" ಎಂಬ ಪ್ರಶ್ನೆ ಬಂದಿರಬಹುದು. ಅವರ ಉತ್ತರವೂ ನಿಮ್ಮ ವಾಕ್ಯವೂ ಒಂದಕ್ಕೊಂದು ಹೊಂದಬೇಕು. ಕಳಿಸಲು ನಿಮಗೇ ಮುಜುಗರ ಅನ್ನಿಸಿದರೆ ವಾಕ್ಯದಲ್ಲಿ ಏನೋ ಹೆಚ್ಚಾಗಿದೆ, ತಿದ್ದಿ.

## ಹಂತ 5: ಮೇಲ್‌ನಲ್ಲಿ ಅದನ್ನು ಎಲ್ಲಿ ಇಡಬೇಕು

ಈ ಹುಡುಗಿಯ ಹಾಗೆ ಅರ್ಜಿ ಹಾಕುವವರು ಮೊದಲು ಬರೆಯುವ ಮೇಲ್ ಸಾಮಾನ್ಯವಾಗಿ ಹೀಗಿರುತ್ತದೆ:

"ನಮಸ್ಕಾರ. ನಿಮ್ಮ ಕಂಪನಿಯ ಇಂಜಿನಿಯರಿಂಗ್ ಮ್ಯಾನೇಜರ್ ಸುಮಾ ಮೇಡಂ ನನಗೆ ಬಹಳ ಚೆನ್ನಾಗಿ ಗೊತ್ತು. ಅವರೇ ನಿಮ್ಮನ್ನು ಸಂಪರ್ಕಿಸಲು ಹೇಳಿದರು. ನಾನು 3 ವರ್ಷದಿಂದ ಟೆಸ್ಟಿಂಗ್‌ನಲ್ಲಿದ್ದೇನೆ. ನನ್ನ ಬಗ್ಗೆ ಸುಮಾ ಮೇಡಂ ಅವರನ್ನು ಕೇಳಬಹುದು. ಆದಷ್ಟು ಬೇಗ ಉತ್ತರ ನಿರೀಕ್ಷಿಸುತ್ತೇನೆ."

ಸುಮಾ ಅವರ ಹೆಸರು ಎರಡು ಸಲ ಬಂದಿದೆ. ಆಟೊಮೇಶನ್ ಕೆಲಸ ಒಂದು ಸಲವೂ ಬಂದಿಲ್ಲ. ಹೆಸರನ್ನು ಅಳಿಸಿದರೆ "3 ವರ್ಷ ಟೆಸ್ಟಿಂಗ್" ಎಂಬುದು ಬಿಟ್ಟು ಏನೂ ಉಳಿಯುವುದಿಲ್ಲ. ನಿಮ್ಮ ಮೇಲ್ ಅನ್ನೂ ಹೀಗೆ ನೋಡಿ: ರೆಫರಲ್ ವಾಕ್ಯವನ್ನು ತೆಗೆದು ಉಳಿದದ್ದನ್ನು ಓದಿ. ಉಳಿದ ಮೇಲ್ ತಾನಾಗಿಯೇ ನಿಲ್ಲಬೇಕು. ಕೊನೆಯ ಸಾಲಿನ "ಆದಷ್ಟು ಬೇಗ" ಕೂಡ ಹೆಸರಿನ ಬಲದ ಮೇಲೆ ಬಂದ ಒತ್ತಾಯದ ಹಾಗೆ ಕೇಳುತ್ತದೆ.

ಅದನ್ನೇ ಮತ್ತೆ ಬರೆದಾಗ:

"ನಮಸ್ಕಾರ. ಟೆಸ್ಟ್ ಇಂಜಿನಿಯರ್ ಕೆಲಸಕ್ಕೆ (ಜಾಬ್ ಐಡಿ ಇಲ್ಲಿ) ಅರ್ಜಿ ಹಾಕಿದ್ದೇನೆ. 3 ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಹಿಂದಿನ ಪ್ರಾಜೆಕ್ಟಿನಲ್ಲಿ 2 ದಿನ ಹಿಡಿಯುತ್ತಿದ್ದ ರಿಗ್ರೆಶನ್ ಟೆಸ್ಟಿಂಗ್ ಅನ್ನು ಆಟೊಮೇಟ್ ಮಾಡಿ 5 ಗಂಟೆಗೆ ಇಳಿಸಿದೆ. ಆಗ ಒಂದೂವರೆ ವರ್ಷ ನನ್ನ ಲೀಡ್ ಆಗಿದ್ದ, ಈಗ ನಿಮ್ಮಲ್ಲಿ ಕೆಲಸ ಮಾಡುತ್ತಿರುವ ಸುಮಾ ಅವರು, ಈ ಅನುಭವ ನಿಮ್ಮ ಕೆಲಸಕ್ಕೆ ಹತ್ತಿರವಿದೆ ಎಂದು ಹೇಳಿ ಪೋರ್ಟಲ್‌ನಲ್ಲಿ ರೆಫರ್ ಮಾಡಿದ್ದಾರೆ. ನಿಮ್ಮ ಜಾಹೀರಾತಿನಲ್ಲಿ ಕೇಳಿರುವ ಎಪಿಐ ಟೆಸ್ಟಿಂಗ್ ಅನ್ನೂ ಒಂದು ವರ್ಷದಿಂದ ಮಾಡುತ್ತಿದ್ದೇನೆ. ನೋಟಿಸ್ ಪೀರಿಯಡ್ 60 ದಿನ. ರೆಸ್ಯೂಮೆ ಜೊತೆಗಿದೆ."

ಬದಲಾದದ್ದು ಜಾಗ ಮತ್ತು ಪ್ರಮಾಣ. ಮೊದಲು ಕೆಲಸ, ಆಮೇಲೆ ಆ ಕೆಲಸವನ್ನು ನೋಡಿದವರ ಹೆಸರು, ಮತ್ತೆ ಕೆಲಸ. ಹೆಸರು ಒಂದೇ ಸಲ, ಮಧ್ಯದಲ್ಲಿ. "ಅವರನ್ನು ಕೇಳಬಹುದು" ಎಂದು ಬರೆಯುವ ಅಗತ್ಯವೇ ಇಲ್ಲ. ಬೇಕಾದರೆ ಅವರು ಕೇಳಿಯೇ ಕೇಳುತ್ತಾರೆ. ಎರಡನೆಯ ಬಗೆಯ ಪರಿಚಯವಾದರೆ ಹೆಸರಿನ ವಾಕ್ಯವನ್ನು ಇನ್ನೂ ಕೆಳಗೆ, ನೋಟಿಸ್ ಪೀರಿಯಡ್‌ನ ಹತ್ತಿರಕ್ಕೆ ತನ್ನಿ. ಅಲ್ಲಿ ಅದು "ಅರ್ಜಿ ಯಾವ ದಾರಿಯಲ್ಲಿ ಬಂತು" ಎಂಬ ಮಾಹಿತಿ ಅಷ್ಟೇ.

ಸಬ್ಜೆಕ್ಟ್ ಲೈನ್‌ನಲ್ಲಿ ಜಾಬ್ ಐಡಿ, ಕೆಲಸದ ಹೆಸರು, ನಿಮ್ಮ ಹೆಸರು ಇರಲಿ. ಬೇಕಾದರೆ "ರೆಫರಲ್" ಎಂಬ ಪದ ಸೇರಿಸಿ. ಸುಮಾ ಅವರ ಹೆಸರನ್ನು ಅಲ್ಲಿ ಹಾಕುವುದು ಒಂದೇ ಸಂದರ್ಭದಲ್ಲಿ ಸರಿ: "ಅವಳು ಮೇಲ್ ಮಾಡ್ತಾಳೆ, ನೋಡಿ" ಎಂದು ಅವರು ರಿಕ್ರೂಟರ್‌ಗೆ ಮೊದಲೇ ಹೇಳಿಟ್ಟಿದ್ದರೆ. ಆಗ ರಿಕ್ರೂಟರ್ ಆ ಹೆಸರು ಹಾಕಿಯೇ ಇನ್‌ಬಾಕ್ಸ್‌ನಲ್ಲಿ ಹುಡುಕಬಹುದು.

ಕೆಲವೊಮ್ಮೆ ಸುಮಾ ಅವರೇ ನಿಮ್ಮನ್ನೂ ರಿಕ್ರೂಟರ್‌ನನ್ನೂ ಒಂದೇ ಮೇಲ್‌ನಲ್ಲಿ ಸೇರಿಸಿ ಪರಿಚಯ ಮಾಡಿಕೊಡುತ್ತಾರೆ. ಆಗ ನೀವು ರೆಫರಲ್ ವಾಕ್ಯ ಬರೆಯಲೇಬೇಕಿಲ್ಲ, ಅವರು ಬರೆದಾಗಿದೆ. "ಪರಿಚಯ ಮಾಡಿಕೊಟ್ಟಿದ್ದಕ್ಕೆ ಥ್ಯಾಂಕ್ಸ್" ಎಂದು ಒಂದು ಸಾಲು ಬರೆದು, ಅವರನ್ನು ಬಿಸಿಸಿಗೆ ಹಾಕಿ, ನೇರ ವಿಷಯಕ್ಕೆ ಬನ್ನಿ. ಅವರನ್ನು ಸಿಸಿಯಲ್ಲೇ ಉಳಿಸಿಕೊಂಡು ಮುಂದಿನ ಎಲ್ಲ ಮೇಲ್ ಕಳಿಸುತ್ತಾ ಹೋದರೆ ರಿಕ್ರೂಟರ್ ತಲೆಯ ಮೇಲೆ ಒಬ್ಬರನ್ನು ಕೂರಿಸಿದ ಹಾಗಾಗುತ್ತದೆ.

## ಹಂತ 6: ಇಂಟರ್‌ವ್ಯೂನಲ್ಲಿ

ನೀವಾಗಿ ಹೆಸರು ಎತ್ತಬೇಡಿ. ಕೇಳಿದರೆ ಮುಚ್ಚಿಡಬೇಡಿ. ಎಚ್‌ಆರ್ ರೌಂಡ್‌ನಲ್ಲಿ "ಈ ಕೆಲಸದ ಬಗ್ಗೆ ಹೇಗೆ ಗೊತ್ತಾಯ್ತು?" ಎಂಬ ಪ್ರಶ್ನೆ ಬರಬಹುದು. ಎರಡು ಮಾತಿನಲ್ಲಿ ಮುಗಿಸಿ: "ನಿಮ್ಮ ಕರಿಯರ್ಸ್ ಪುಟದಲ್ಲಿ ನೋಡಿದೆ, ನನ್ನ ಹಿಂದಿನ ಲೀಡ್ ಸುಮಾ ಇಲ್ಲಿದ್ದಾರೆ, ಅವರು ರೆಫರ್ ಮಾಡಿದರು. ಜಾಹೀರಾತು ಓದಿದಾಗ ಆಟೊಮೇಶನ್ ಭಾಗ ಜಾಸ್ತಿ ಇರೋದು ನೋಡಿ ಅಪ್ಲೈ ಮಾಡಿದೆ." ಎರಡನೆಯ ವಾಕ್ಯ ಮರೆಯಬೇಡಿ. ಮಾತು ಸುಮಾ ಅವರಲ್ಲೇ ನಿಲ್ಲದೆ ಕೆಲಸದ ಕಡೆ ಹೊರಳುವುದು ಅದರಿಂದಲೇ.

ಟೆಕ್ನಿಕಲ್ ರೌಂಡ್‌ನಲ್ಲಿ ಕೂತವರು "ಓ, ಸುಮಾ ನಿಮಗೆ ಗೊತ್ತಾ?" ಎಂದು ಖುಷಿಯಿಂದ ಕೇಳಿದರೆ ಅನೇಕರು ಜಾರುತ್ತಾರೆ. ಹಳೆಯ ಕಥೆ, ಅವರ ಮನೆಗೆ ಹೋಗಿದ್ದು, ಊಟ ಮಾಡಿದ್ದು ಎಲ್ಲ ಶುರುವಾಗುತ್ತದೆ. ಬೇಡ. "ಹೌದು, ರಿಗ್ರೆಶನ್ ಆಟೊಮೇಶನ್ ಮಾಡುವಾಗ ಅವರೇ ಲೀಡ್. ಫ್ರೇಮ್‌ವರ್ಕ್ ಆರಿಸುವಾಗ ತುಂಬಾ ಚರ್ಚೆ ಮಾಡಿದ್ವಿ" ಎಂದು ಹೇಳಿ ಸುಮ್ಮನಿರಿ. ಮುಂದಿನ ಪ್ರಶ್ನೆ ಫ್ರೇಮ್‌ವರ್ಕ್ ಬಗ್ಗೆಯೇ ಬರುವ ಸಾಧ್ಯತೆ ಇದೆ. ಅಲ್ಲಿ ನೀವು ಗಟ್ಟಿ ಇರುತ್ತೀರಿ.

ಇಲ್ಲಿ ಆಗುವ ಅತಿ ಕೆಟ್ಟ ತಪ್ಪೆಂದರೆ ಒಳಗಿನ ವಿಷಯವನ್ನು ಬಾಯಿಬಿಡುವುದು. "ಈ ರೌಂಡ್‌ನಲ್ಲಿ ಈ ಪ್ರಶ್ನೆ ಕೇಳ್ತೀರಿ ಅಂತ ಸುಮಾ ಹೇಳಿದ್ರು", "ಟೀಮ್‌ನಲ್ಲಿ ಇಬ್ಬರು ಬಿಟ್ಟು ಹೋಗ್ತಿದ್ದಾರಂತೆ", "ಈ ಹುದ್ದೆಗೆ ಇಷ್ಟು ಸಂಬಳ ಕೊಡ್ತೀರಂತೆ". ಮೂರೂ ಸುಮಾ ಅವರನ್ನು ಸಿಕ್ಕಿಹಾಕಿಸುವ ಮಾತುಗಳು. ಕಂಪನಿಯ ವೆಬ್‌ಸೈಟ್‌ನಲ್ಲೋ ಜಾಹೀರಾತಿನಲ್ಲೋ ಇಲ್ಲದ ವಿಷಯವನ್ನು ನೀವು ಅವರ ಹೆಸರಿನಲ್ಲಿ ಹೇಳಬಾರದು. ಸಂಬಳದ ಮಾತು ಬಂದಾಗ ನಿಮ್ಮ ಅನುಭವ ಮತ್ತು ಮಾರುಕಟ್ಟೆಯ ಆಧಾರದ ಮೇಲೆ ಕೇಳಿ. ಅವರಿಗೆ ಎಷ್ಟು ಬರುತ್ತದೆ ಎಂಬುದು ಆ ಕೋಣೆಗೆ ಬರುವುದೇ ಬೇಡ.

ತಪ್ಪಿದೆ ಎಂದು ಗೊತ್ತಾಗುವ ಲಕ್ಷಣಗಳೂ ಇವೆ. ಹೆಸರು ಕೇಳಿದ ಕೂಡಲೇ ಎದುರಿನವರು "ನಮ್ಮಲ್ಲಿ ಎಲ್ಲರಿಗೂ ಒಂದೇ ಪ್ರೊಸೆಸ್" ಎಂದರೆ ಅವರಿಗೆ ಒತ್ತಡ ಅನ್ನಿಸಿದೆ. ಸಮಜಾಯಿಷಿ ಕೊಡಲು ಹೋಗಬೇಡಿ. "ಖಂಡಿತ, ಪ್ರೊಸೆಸ್ ಪ್ರಕಾರವೇ ಆಗಲಿ" ಎಂದು ಹೇಳಿ ಮುಂದಕ್ಕೆ ಹೋಗಿ, ಮತ್ತೆ ಆ ಹೆಸರು ತರಬೇಡಿ. "ಅವರ ಜೊತೆ ನೇರವಾಗಿ ಕೆಲಸ ಮಾಡಿದ್ದೀರಾ?" ಎಂದು ಒತ್ತಿ ಕೇಳಿದರೆ ನಿಮ್ಮ ವಾಕ್ಯ ಇದ್ದದ್ದಕ್ಕಿಂತ ಹೆಚ್ಚಿನ ಪರಿಚಯ ತೋರಿಸಿದೆ ಎಂದು ಅರ್ಥ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ: "ಇಲ್ಲ, ಕಾಲೇಜಿನಿಂದ ಪರಿಚಯ."

## ಎಲ್ಲಿ ಹೆಸರು ಹೇಳಲೇಬಾರದು

ಈ ಕ್ರಮ ಖಾಸಗಿ ಕಂಪನಿಗಳಿಗೆ ಮಾತ್ರ. ಬ್ಯಾಂಕ್ ಪರೀಕ್ಷೆ ಮತ್ತು ಸಾರ್ವಜನಿಕ ವಲಯದ ಉದ್ಯಮಗಳ ನೇಮಕಾತಿ ಅಧಿಸೂಚನೆಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಯಾವುದೇ ರೀತಿಯ ಶಿಫಾರಸು ತಂದರೆ ಅನರ್ಹರಾಗುತ್ತೀರಿ ಎಂದು. ಅಂಥ ಕಡೆ ಒಳಗಿನವರ ಹೆಸರು ಬರೆಯುವುದಾಗಲಿ, ಸಂದರ್ಶನದಲ್ಲಿ ಸೂಚಿಸುವುದಾಗಲಿ ನೇರವಾಗಿ ನಿಯಮ ಮುರಿದ ಹಾಗೆ. "ನಮ್ಮವರೊಬ್ಬರು ಅದೇ ಬ್ರಾಂಚಲ್ಲಿ ಇದ್ದಾರೆ" ಎಂಬ ಮಾತೂ ಬೇಡ.

## ಹಂತ 7: ಆಮೇಲೆ ಏನು

ಒಂದು ವಾರದಿಂದ ಹತ್ತು ದಿನ ಏನೂ ಉತ್ತರ ಬರದಿದ್ದರೆ ರಿಕ್ರೂಟರ್‌ಗೆ ಒಂದು ಸಣ್ಣ ಮೇಲ್ ಕಳಿಸಿ. ಜಾಬ್ ಐಡಿ, ನಿಮ್ಮ ಹೆಸರು, ಅರ್ಜಿ ಹಾಕಿದ ದಿನಾಂಕ ಸಾಕು. ಈ ಎರಡನೆಯ ಮೇಲ್‌ನಲ್ಲಿ ಸುಮಾ ಅವರ ಹೆಸರು ಬರಬಾರದು. ಮೊದಲ ಸಲ ಅದು ಮಾಹಿತಿಯಾಗಿತ್ತು, ಎರಡನೆಯ ಸಲ ಅದೇ ನೆಪವಾಗುತ್ತದೆ.

ಸುಮಾ ಅವರನ್ನು "ಏನಾಯ್ತು ಮೇಡಂ, ಸ್ವಲ್ಪ ಕೇಳಿ ನೋಡಿ" ಎಂದು ಪದೇ ಪದೇ ಕಾಡಬೇಡಿ. ಪೋರ್ಟಲ್‌ನಲ್ಲಿ ಅವರಿಗೆ ಕಾಣುವುದು ಸಾಮಾನ್ಯವಾಗಿ ಅರ್ಜಿ ಯಾವ ಹಂತದಲ್ಲಿದೆ ಎಂಬುದಷ್ಟೇ. ನಿಮಗಾಗಿ ಅವರು ಮ್ಯಾನೇಜರ್ ಹತ್ತಿರ ಹೋಗಿ ಕೇಳಿದರೆ, ನೀವು ಇಷ್ಟು ಜೋಪಾನವಾಗಿ ದೂರ ಇಟ್ಟ ವಶೀಲಿಯನ್ನು ಅವರ ಕೈಯಿಂದಲೇ ಮಾಡಿಸಿದ ಹಾಗಾಗುತ್ತದೆ.

ಅದರ ಬದಲು ನೀವೇ ಅವರಿಗೆ ಸುದ್ದಿ ಕೊಡುತ್ತಿರಿ. ಇಂಟರ್‌ವ್ಯೂ ದಿನ ಗೊತ್ತಾದಾಗ ಒಂದು ಮೆಸೇಜ್, ಮುಗಿದ ಮೇಲೆ ಒಂದು ಮೆಸೇಜ್. ಪ್ರಶ್ನೆಗಳನ್ನು ವಿವರಿಸುವುದು ಬೇಡ, "ಚೆನ್ನಾಗಿ ಆಯ್ತು" ಎಂದರೆ ಸಾಕು. ಆಫರ್ ಬಂದು ನೀವು ಬೇಡ ಎನ್ನುವುದಾದರೆ ಎಚ್‌ಆರ್‌ಗೆ ಹೇಳುವ ದಿನವೇ ಅವರಿಗೂ ಹೇಳಿ. ಅವರಿಗೆ ಬೇರೆಯವರಿಂದ ಗೊತ್ತಾಗಬಾರದು.

ಕೆಲಸ ಸಿಗದೆ, ಕೆಲವು ತಿಂಗಳಾದ ಮೇಲೆ ಅದೇ ಕಂಪನಿಯಲ್ಲಿ ಬೇರೆ ಹುದ್ದೆ ಬಂದರೆ ಹಳೆಯ ಒಪ್ಪಿಗೆಯ ಮೇಲೆ ಹೆಸರು ಬಳಸಬೇಡಿ. ಆ ಒಪ್ಪಿಗೆ ಆ ಜಾಬ್ ಐಡಿಗೆ ಕೊಟ್ಟಿದ್ದು. ಸುಮಾ ಅಷ್ಟರಲ್ಲಿ ಟೀಮ್ ಬದಲಿಸಿರಬಹುದು, ಕಂಪನಿಯನ್ನೇ ಬಿಟ್ಟಿರಬಹುದು. ಹೊಸ ಲಿಂಕ್ ಮತ್ತು ಹೊಸ ಜಾಬ್ ಐಡಿ ಹಾಕಿ, ಹಂತ 2ರ ಮೆಸೇಜನ್ನೇ ಮತ್ತೆ ಕಳಿಸಿ.